ಕುಂಟದ ಬೆಕ್ಕು

ಬಬಲೇಶ್ವರ ಭಾಗದ ಪಶು ಆಸ್ಪತ್ರೆಗಳಲ್ಲಿ ಮೂವತ್ತೊಂದು ವರ್ಷ ಪರಿವೀಕ್ಷಕನಾಗಿ ದುಡಿದು, ನಿವೃತ್ತಿಯ ಮೇಲೆ ವಿಜಯಪುರದಲ್ಲಿ ಮನೆ ಮಾಡಿದ್ದ ಬಸಗೊಂಡಪ್ಪನಿಗೆ ಒಂದು ಗರ್ವವಿತ್ತು. ಎತ್ತಾಗಲಿ, ನಾಯಿಯಾಗಲಿ, ಹತ್ತು ಹೆಜ್ಜೆ ನಡೆಸಿದರೆ ಸಾಕು, ಯಾವ ಕಾಲು ನೋಯುತ್ತಿದೆ ಎಂದು ಹೇಳಿಬಿಡುತ್ತಿದ್ದ. ಯಾರೂ ಕೇಳದಿದ್ದರೂ ಹೇಳುತ್ತಿದ್ದ. ಬೀದಿಯಲ್ಲಿ ಯಾರದೋ ನಾಯಿ ಹೊರಟಿದ್ದರೆ ಅದರ ಯಜಮಾನನನ್ನು ನಿಲ್ಲಿಸಿ, "ಎಡಗಡಿ ಮುಂಗಾಲ ನೋಡ್ರಿ, ಅದು ನೆಲಕ್ಕ ಹತ್ತಿದಾಗ ತಲಿ ಮ್ಯಾಲ ಎತ್ತತೈತಿ" ಎಂದು ಪಾಠ ಮಾಡಿ ಕಳಿಸುತ್ತಿದ್ದ. ಓಣಿಯ ಜನ ನಾಯಿಯನ್ನು ಬೇರೆ ದಾರಿಯಲ್ಲಿ ತಿರುಗಾಡಿಸುವುದನ್ನು ರೂಢಿ ಮಾಡಿಕೊಂಡಿದ್ದರು.

ಇಂಥವನ ಮನೆಯಲ್ಲೇ ಹನ್ನೆರಡು ವರ್ಷದ ಬೆಕ್ಕು ಸೋನಿ ಕೆಟ್ಟು ಹೋಗಿತ್ತು, ಅಂದರೆ ಅವನ ಲೆಕ್ಕದಲ್ಲಿ ಗುಣ ಕೆಟ್ಟಿತ್ತು. ಮೊದಲು ಕಪಾಟಿನ ನೆತ್ತಿಯ ಮೇಲೆ ಮಲಗುತ್ತಿದ್ದುದು ಈಗ ಇಡೀ ದಿನ ನೆಲದ ಮೇಲೆ. ಉಚ್ಚೆ ಹೊಯ್ಯಲು ಮರಳು ತುಂಬಿಟ್ಟ ಎತ್ತರದ ಟಬ್ಬಿನ ಪಕ್ಕದಲ್ಲೇ, ಒಳಗೆ ಹೋಗದೆ, ಕೆಲಸ ಮುಗಿಸುತ್ತಿತ್ತು. ಎತ್ತಿಕೊಳ್ಳಲು ಹೋದರೆ ಉಗುರು ತೋರಿಸುತ್ತಿತ್ತು. ಕಳೆದ ವಾರ ಅದು ಅವನ ಹೊಸ ಪತ್ರಿಕೆಯ ಮೇಲೆಯೇ ಹೊಯ್ದಾಗ ಬಸಗೊಂಡಪ್ಪ ತೀರ್ಪು ಕೊಟ್ಟ. ಹೊನವಾಡದಲ್ಲಿ ಅಣ್ಣನ ಮಗ ಸಂಗನಬಸವನ ಒಣದ್ರಾಕ್ಷಿ ಶೆಡ್ಡಿದೆ, ಇಲಿಗಳಿವೆ, ಸೋಮವಾರ ಸೋನಿ ಅಲ್ಲಿಗೆ.

"ಅದರ ಕಾಲ ನೋಯಾಕತ್ತಿರಬೇಕ್ರಿ. ಅದಕ್ಕ ಏರೂದಿಲ್ಲ" ಎಂದಳು ಹೆಂಡತಿ ಗೌರಾಬಾಯಿ. ಸೋನಿಯನ್ನು ಕಣ್ಣು ಬಿಡುವ ಮೊದಲೇ ತಂದು ಹತ್ತಿ ಅದ್ದಿ ಹಾಲು ಕುಡಿಸಿ ಬೆಳೆಸಿದವಳು ಅವಳು.

"ಕಾಲ ನೋವ ನನಗ ಹೇಳಾಕತ್ತಿ?" ಎಂದ ಬಸಗೊಂಡಪ್ಪ, ಪರೀಕ್ಷೆ ನಡೆಸಿಯೇಬಿಟ್ಟ. ಬೆಕ್ಕಿಗೆ ಹಗ್ಗ ಕಟ್ಟಿದ. ಅದು ನೆಲಕ್ಕೆ ಅಂಟಿ ಮಲಗಿತು. ಹಗ್ಗ ಬಿಚ್ಚಿ ಅಂಗಳದ ಆಚೆ ತುದಿಯಲ್ಲಿ ಕೆನೆ ಇಟ್ಟ. ಅದು ನಡೆಯಿತು. ತಲೆ ಎತ್ತಲಿಲ್ಲ, ತಗ್ಗಿಸಲಿಲ್ಲ, ಯಾವ ಕಾಲೂ ಕುಂಟಲಿಲ್ಲ. ಅವನು ಹಳೆಯ ಪ್ಯಾಡಿನಲ್ಲಿ "ನಾಲ್ಕೂ ಕಾಲು ಸರಿಯಿವೆ, ದೋಷ ಸ್ವಭಾವದ್ದು" ಎಂದು ಬರೆದು, ಸಹಿ ಹಾಕಿ, ತಾರೀಖು ನಮೂದಿಸಿ ಹೆಂಡತಿಯ ಕೈಗೆ ಕೊಟ್ಟ. ಅವಳು ಅದನ್ನು ಓದಿ, ಬೆಕ್ಕಿಗಾಗಿ ಅತ್ತಳು. ಅವನಿಗೆ ಅದು ಅತಿರೇಕ ಅನ್ನಿಸಿತು.

ಸಂಗನಬಸವನ ಹೆಂಡತಿ ಮಾತ್ರ, ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ, ಹುಚ್ಚುನಾಯಿ ರೋಗದ ಚುಚ್ಚುಮದ್ದು ಹಾಕಿಸಿಯೇ ತನ್ನಿ ಎಂದಳು. ಹೀಗಾಗಿ ಬಸಗೊಂಡಪ್ಪ ಸೋನಿಯನ್ನು ಬುಟ್ಟಿಯಲ್ಲಿಟ್ಟುಕೊಂಡು ಡಾಕ್ಟರ್ ಸಮ್ರೀನಳ ದವಾಖಾನೆಗೆ ಹೋದ. ಆಕೆ ಓದುವಾಗ ಒಂದು ತಿಂಗಳು ಅವನ ಆಸ್ಪತ್ರೆಯಲ್ಲೇ ಕೆಲಸ ಕಲಿತಿದ್ದಳು. ಈಗಲೂ ಅವನನ್ನು ಸರ್ ಎಂದೇ ಕರೆಯುತ್ತಿದ್ದಳು, ಮತ್ತು ಅದು ಅವನಿಗೆ ಬಹಳ ಹಿಡಿಸುತ್ತಿತ್ತು.

ಸಮ್ರೀನ ಚುಚ್ಚುಮದ್ದನ್ನು ಬದಿಗಿಟ್ಟು ಸೋನಿಯ ಬೆನ್ನ ಮೇಲೆ ಕೈಯಾಡಿಸಿದಳು. ಬಾಲದ ಬುಡದಲ್ಲಿ ಕೂದಲು ಗಂಟುಗಂಟಾಗಿತ್ತು. ಉಗುರು ಉದ್ದಕ್ಕೆ ಬೆಳೆದು ದಪ್ಪಗಾಗಿದ್ದವು. "ಇದು ಮ್ಯಾಲ ಜಿಗಿಯೂದ ಕಡಿಮಿ ಮಾಡೇತೇನ್ರಿ ಸರ್?"

"ಸೊಕ್ಕ ಬಂದೇತ್ರಿ. ನಾ ನಡಸಿ ನೋಡೇನಿ, ಕುಂಟೂದಿಲ್ಲ."

"ಬೆಕ್ಕು ಬಹಳ ಸಲ ಕುಂಟೂದ ಇಲ್ರಿ ಸರ್. ಎರಡೂ ಕಡಿ ಕೀಲ ಒಮ್ಮೆ ಸವೆದಿರ್ತಾವು. ಎರಡೂ ನೊಂದರ ಯಾವ ಕಾಲ ಎತ್ತಬೇಕ್ರಿ ಅದು? ನಾಯಿ ಕುಂಟತೈತಿ, ಕರಕೊಂಡ ಹ್ವಾದ್ರ ಹಿಂದ ಉಳಿತೈತಿ, ನಮಗ ತಿಳಿತೈತಿ. ಬೆಕ್ಕು ನೋವ ಮುಚ್ಚತೈತಿ. ಸುಮ್ಮ ಒಂದೊಂದ ಕೆಲಸ ಬಿಡತೈತಿ. ಏರೂದ ಬಿಡತೈತಿ, ಮೈ ನೆಕ್ಕೂದ ಬಿಡತೈತಿ, ಎತ್ತರದ ಟಬ್ಬ ದಾಟೂದ ಬಿಡತೈತಿ. ಇಲ್ಲೆ ದವಾಖಾನಿಯೊಳಗ ಅಂಜಿ ಕುಂತಿರತೈತಿ, ಏನೂ ಗೊತ್ತಾಗಂಗಿಲ್ಲ. ಮನ್ಯಾಗ ಏರೂದು, ಇಳಿಯೂದು ವಿಡಿಯೋ ಮಾಡಿ ಕಳಸ್ರಿ."

ಬಸಗೊಂಡಪ್ಪ ವಿಡಿಯೋ ಮಾಡಿದ್ದು ಆಕೆಯ ತಪ್ಪು ತೋರಿಸಲಿಕ್ಕೆ. ಮಧ್ಯಾಹ್ನವೆಲ್ಲ ಮೊಬೈಲ್ ಹಿಡಿದು, ಕಿಟಕಿಯ ಕಟ್ಟೆಯ ಮೇಲೆ ಕೆನೆ ಇಟ್ಟು ಕೂತ. ಆಮೇಲೆ ಕನ್ನಡಕ ಹಾಕಿಕೊಂಡು ನೋಡಿದ. ಸೋನಿ ಮೇಲೆ ನೋಡುತ್ತದೆ, ಹಿಂಗಾಲು ಮಡಚುತ್ತದೆ, ಬಿಡುತ್ತದೆ, ಮತ್ತೆ ಮಡಚುತ್ತದೆ. ಕೊನೆಗೆ ಹಾರಿದ್ದು ಅರ್ಧ, ಉಳಿದರ್ಧ ಮುಂಗಾಲಿನಿಂದ ಮೈಯನ್ನು ಎಳೆದುಕೊಂಡದ್ದು. ಇಳಿಯುವಾಗ ಗೋಡೆಯ ಮೇಲೆ ಮುಂಗಾಲನ್ನು ಆದಷ್ಟು ಕೆಳಗೆ ಜಾರಿಸಿ, ಬೀಳುವ ದೂರವನ್ನು ಕಡಿಮೆ ಮಾಡಿಕೊಂಡು, ಧೊಪ್ಪೆಂದಿತು. ಮೆಟ್ಟಿಲಲ್ಲಿ ಹಿಂಗಾಲೆರಡೂ ಮೊಲದ ಹಾಗೆ ಒಟ್ಟಿಗೆ ಏಳುತ್ತಿದ್ದವು.

ಅವನು ಏಳು ಸಲ ನೋಡಿದ. ಇದೆಲ್ಲ ಒಂದು ವರ್ಷದಿಂದ ಅವನ ಕುರ್ಚಿಯ ಮುಂದೆಯೇ ನಡೆದಿತ್ತು. ಅವನಿಗೆ ನಾಚಿಕೆಯಾಯಿತು, ಅಡುಗೆಮನೆಗೆ ಹೋಗಿ, "ನಿನ್ನ ಮಾತ ಖರೇ ಐತಿ. ಸೋನಿ ಎಲ್ಲೂ ಹೋಗೂದಿಲ್ಲ" ಎಂದ. ಗೌರಾಬಾಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಅದನ್ನೂ ಬರದು ಸಹಿ ಮಾಡಿ ಕೊಡ್ರಿ" ಎಂದಳು.

ಎಕ್ಸರೇಯಲ್ಲಿ ಹಿಂಗಾಲಿನ ಟೊಂಕದ ಕೀಲೆರಡೂ, ಮುಂಗಾಲಿನ ಮೊಣಕೈ ಎರಡೂ ಸವೆದದ್ದು ಕಂಡಿತು. ಸಮ್ರೀನ ಮೊದಲು ಮೂತ್ರಪಿಂಡ ಸರಿಯಿದೆಯೇ ಎಂದು ರಕ್ತ ನೋಡಿ, ಬೆಕ್ಕಿನ ತೂಕಕ್ಕೆ ಅಳೆದು ನೋವಿನ ಔಷಧ ಕೊಟ್ಟಳು. "ಮನ್ಯಾಗಿನ ಜ್ವರದ ಗುಳಿಗಿ ಚೂರೂ ಕೊಡಬ್ಯಾಡ್ರಿ ಸರ್, ಬೆಕ್ಕು ಸತ್ತ ಹೋಗತೈತಿ. ನಾಯಿ ಔಷಧಾನೂ ಬ್ಯಾಡ." ಆಮೇಲೆ ಮನೆಯ ವಿಷಯ ಹೇಳಿದಳು. ಟಬ್ಬಿನ ಒಂದು ಬದಿಯ ಅಂಚು ಬೆರಳುದ್ದವಷ್ಟೇ ಎತ್ತರ ಉಳಿಯುವಂತೆ ಕೊಯ್ಯಬೇಕು. ನುಣ್ಣನೆಯ ಟೈಲ್ಸಿನ ಮೇಲೆ ಕಾಲು ಜಾರದಂತೆ ಗೋಣಿತಾಟು ಹಾಸಬೇಕು. ಕಿಟಕಿಗೆ, ಮಂಚಕ್ಕೆ ಗೇಣೆತ್ತರದ, ಅಗಲವಾದ, ಅಲುಗಾಡದ ಮೆಟ್ಟಿಲು ಇಡಬೇಕು. "ಮಲಗೂ ಜಾಗಾನ ಅದಕ್ಕ ನಿಲುಕೂ ಹಂಗ ಕೆಳಗ ತರ್ರಿ ಸರ್."

ಈ ಮಾತಿಗೆ ಬಸಗೊಂಡಪ್ಪನ ಕಿವಿ ಬಿಸಿಯಾದವು. ಎಂಟು ವರ್ಷದ ಹಿಂದೆ ನಿಡೋಣಿಯ ಚಾಂದಬಿ ಬೆಕ್ಕನ್ನು ಬುಟ್ಟಿಯಲ್ಲಿಟ್ಟುಕೊಂಡು ಬಸ್ಸಿನಲ್ಲಿ ಅವನ ಆಸ್ಪತ್ರೆಗೆ ಬಂದಿದ್ದಳು. ಬೆಕ್ಕು ಈಗ ನಾನು ಮಲಗುವ ಹೊರಸಿನ ಮೇಲೆ ಬರುವುದಿಲ್ಲ, ಏನೋ ಆಗಿದೆ, ನೋಡಿ ಎಂದಿದ್ದಳು. ಅವನು ಬೆಕ್ಕನ್ನು ಮುಟ್ಟಲೂ ಇಲ್ಲ. "ವಯಸ್ಸಾಗೇತಿ. ಅದು ಮ್ಯಾಲ ಬರಲಿಲ್ಲಂದ್ರ ನೀ ಹೊರಸಿನ ಕಾಲ ಕೊಯ್ಯಬೇ" ಎಂದಿದ್ದ. ಆಸ್ಪತ್ರೆಯ ಅಂಗಳವೆಲ್ಲ ನಕ್ಕಿತ್ತು. ಆ ದಿನ ಮನೆಗೆ ಬಂದು ಗೌರಾಬಾಯಿಗೂ ಹೇಳಿ ನಗಿಸಲು ನೋಡಿದ್ದ.

ಗೋಣಿತಾಟು, ಮೆಟ್ಟಿಲು ಎಲ್ಲ ಬಂತು. ಮೂರು ವಾರದಲ್ಲಿ ಸೋನಿ ಟಬ್ಬಿನೊಳಗೇ ಹೊಯ್ಯತೊಡಗಿತು, ಒಂದು ಬೆಳಿಗ್ಗೆ ಮೆಟ್ಟಿಲು ಮೆಟ್ಟಿಲಾಗಿ ಕಿಟಕಿಗೆ ಏರಿ ಬಿಸಿಲಿಗೆ ಕೂತಿತು. ಕಪಾಟಿನ ನೆತ್ತಿಗೆ ಅದು ಇನ್ನು ಏರುವುದಿಲ್ಲ, ಸವೆದ ಕೀಲು ಮೊದಲಿನಂತೆ ಆಗುವುದಿಲ್ಲ. ಗೌರಾಬಾಯಿಗೆ ಇಷ್ಟೇ ಸಾಕಾಗಿತ್ತು. ಬಸಗೊಂಡಪ್ಪನಿಗೆ ಮಾತ್ರ ಮನಸ್ಸು ತಡೆಯಲಿಲ್ಲ. ಹಿಂದೊಮ್ಮೆ ಅವಳ ಎಮ್ಮೆಯನ್ನು ನೋಡಲು ಹೋದಾಗ ಮೊಬೈಲಿನಲ್ಲಿ "ನಿಡೋಣಿ ಚಾಂದಬಿ ಎಮ್ಮಿ" ಎಂದು ಬರೆದಿಟ್ಟಿದ್ದ ನಂಬರಿಗೆ ಫೋನ್ ಹಚ್ಚಿದ.

"ಅಯ್ಯ, ಸಾಹೇಬ್ರ! ಆರಾಮದೀರೇನ್ರಿ?" ಎಂದಳು ಮುದುಕಿ.

"ಅವ್ವಾ, ನಿನ್ನ ಬೆಕ್ಕು... ಅದು ಏನಾತು?"

"ಅದಾ? ನೀವು ಹೇಳಿದಂಗ ಮಾಡಿದ್ನಿರಿ. ನನ್ನ ಮಗ ಜಿಲಾನಿ ಮರುದಿನಾನ ಹೊರಸಿನ ನಾಕೂ ಕಾಲ ಕೊಯ್ದ. ಆಮ್ಯಾಲ ನಾಕ ವರ್ಷ ನನ್ನ ಮಗ್ಗಲದಾಗ ಮಲಗಿತ್ರಿ, ಅಲ್ಲೆ ನಿದ್ದಿಯೊಳಗ ಹೋತು. ನಿಮ್ಮ ಹೆಸರ ಎಲ್ಲಾರಿಗೂ ಹೇಳತೇನ್ರಿ."

ಬಸಗೊಂಡಪ್ಪ ಆ ಹೊಗಳಿಕೆಯನ್ನು ಸುಮ್ಮನೆ ನುಂಗಬಹುದಿತ್ತು, ಇಂಥವನ್ನು ಇಷ್ಟು ವರ್ಷ ನುಂಗಿದವನೇ. "ಅವ್ವಾ, ಅವತ್ತ ನಾ ಔಷಧ ಹೇಳಿದ್ದಲ್ಲ. ನಿನಗ ಚ್ಯಾಷ್ಟಿ ಮಾಡಿದ್ನಿ" ಎಂದ.

"ಗೊತ್ತಿತ್ರಿ ಸಾಹೇಬ್ರ" ಎಂದಳು ಚಾಂದಬಿ. "ಎಲ್ಲಾರೂ ನಕ್ಕಿದ್ರಲ್ರಿ. ಆದ್ರ ಬೆಕ್ಕಿಗೆ ಏರಾಕ ಆಗ್ತಿರಲಿಲ್ಲ. ನನಗ ಅದ ಮುಖ್ಯ ಆಗಿತ್ತು."