ಅತ್ತೆಯ ನಾಲಿಗೆ, ಸೊಸೆಯ ಮೂಗು

ಕೋಪವನ್ನು ಸದಾ ಮೂಗಿನ ತುದಿಯಲ್ಲೇ ಇಟ್ಟುಕೊಂಡಿದ್ದ ಅತ್ತೆಯ ಮೂಗೇ ಕೆಲಸ ಬಿಟ್ಟಿದೆ ಎಂದು ಸೊಸೆಗೆ ಗೊತ್ತಾದದ್ದು ಹಾಲು ಸೀದ ದಿನ. ಕಾಫಿ ಅಂಗಡಿಯ ಹಿಂದಿನ ಅಡುಗೆಮನೆಯಲ್ಲಿ ಹಾಲು ತಳ ಹಿಡಿದು, ಆ ಕಮಟು ಮುಂದಿನ ಗಲ್ಲಾದವರೆಗೂ ಬಂದಿತ್ತು. ಸೊಸೆ ಓಡಿ ಬಂದು ನೋಡಿದರೆ, ಅತ್ತೆ ಒಲೆಗೆ ಬೆನ್ನು ಹಾಕಿಕೊಂಡು ಹಾಯಾಗಿ ಚಮಚ ಒರೆಸುತ್ತ ನಿಂತಿದ್ದಾರೆ.

"ಅತ್ತೆ, ಹಾಲು!"

ತಿರುಗಿದ ಅತ್ತೆಯ ಮುಖ ಬಿಳಿಚಿಕೊಂಡಿತು. ಬೀಜದ ಮೂಟೆಗೆ ಮೂಗು ಹಚ್ಚಿ "ಇದು ನೆನೆದಿದೆ, ವಾಪಸ್ ಕಳಿಸು" ಎಂದು ವ್ಯಾಪಾರಿಗಳ ಬೆವರಿಳಿಸುತ್ತಿದ್ದ ಹೆಂಗಸು! ಆ ಅಂಗಡಿಯ ಬ್ಲೆಂಡು ಆಕೆಯದೇ ಕೈಕೂಸು. ಮೂರು ತೋಟಗಳ ಬೀಜವನ್ನು ಬೇರೆ ಬೇರೆ ಹುರಿಸಿ, ಅಳತೆ ನೋಡಿ ಬೆರೆಸುವುದು. ಪ್ರತಿ ಬೆಳೆಗೂ ಬೀಜದ ಗುಣ ಬದಲಾಗುತ್ತದೆ, ಆದರೆ ಲೋಟದ ರುಚಿ ಬದಲಾಗಬಾರದು. ಅದಕ್ಕೆ ಯಾರಾದರೂ ಮೂಸಿ, ಕುಡಿದು, ಅಳತೆ ತಿದ್ದುತ್ತಲೇ ಇರಬೇಕು. ಆ ಯಾರಾದರೂ ಎಂದರೆ ಅತ್ತೆ, ಇನ್ನೊಬ್ಬರಿಲ್ಲ.

"ಹೋದ ತಿಂಗಳು ಜ್ವರ ಬಂತಲ್ಲ, ಆವತ್ತಿಂದ ಹೀಗೆ," ಅತ್ತೆ ತಗ್ಗಿದ ದನಿಯಲ್ಲಿ ಹೇಳಿದರು. "ಹುಳಿ, ಕಹಿ, ಸಿಹಿ ಎಲ್ಲ ಗೊತ್ತಾಗುತ್ತೆ. ವಾಸನೆ ಮಾತ್ರ ಸತ್ತುಹೋಗಿದೆ. ನನ್ನ ಮಗನ ಹತ್ರ ಬಾಯಿಬಿಟ್ಟೆಯೋ, ನೋಡು, ಹುಟ್ಟಿಲ್ಲ ಅನ್ನಿಸಿಬಿಡ್ತೀನಿ."

ಸೊಸೆ ಬಾಯಿಗೆ ಬೀಗ ಹಾಕಿಕೊಂಡಳು. ಬೆದರಿಕೆಗೆ ಹೆದರಿ ಅಲ್ಲ. ಮಗರಾಯನಿಗೆ ತಿಳಿದರೆ ಏನಾಗುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಅವಳ ಗಂಡ, ಅಂದರೆ ಆ ಮಗರಾಯ, ರುಚಿ ನೋಡುವ ತರಬೇತಿಗೆ ಹೋಗಿ ಬಂದವನು. ಬರುವಾಗ ಸಿಂಗಲ್ ಒರಿಜಿನ್ ಎಂಬ ಹೊಸ ಮತ ಹಿಡಿದುಕೊಂಡು ಬಂದ. ಒಂದೇ ತೋಟದ ಬೀಜ, ಬೇರೆ ಯಾವುದೂ ಬೆರಕೆಯಿಲ್ಲ, ಹಗುರಾಗಿ ಹುರಿದರೆ ಆ ಮಣ್ಣು, ಆ ಎತ್ತರ ಎಲ್ಲ ಲೋಟದಲ್ಲಿ ಮಾತಾಡುತ್ತದಂತೆ. ಬ್ಲೆಂಡೆಂದರೆ ಅವನ ಪ್ರಕಾರ ಹುಳುಕು ಮುಚ್ಚುವ ಕಲೆ. ಅವನ ಪೊಟ್ಟಣಗಳ ಮೇಲಿನ ಚೀಟಿಯಲ್ಲಿ ತೋಟದ ಎತ್ತರ, ಕೊಯ್ಲಿನ ತಿಂಗಳು, ಕಾಫಿಯಲ್ಲಿ ಸಿಗುವ ಪರಿಮಳವೆಂದು ಕಿತ್ತಳೆ, ಮಲ್ಲಿಗೆ, ಜೇನು, ಇನ್ನೂ ಏನೇನೋ. ಅತ್ತೆ ಅದನ್ನು ನೋಡಿ "ಮೂಗಿಗಿಂತ ಮೂಗುತಿ ಭಾರ" ಎಂದಿದ್ದರು. ಬ್ಲೆಂಡ್ ನಿಲ್ಲಿಸಿಬಿಡೋಣ ಎಂದು ಅವನು ವರ್ಷದಿಂದ ಹೇಳುತ್ತಿದ್ದ. ಅಮ್ಮನಿಗೆ ಮೂಗಿಲ್ಲ ಎಂದು ತಿಳಿದರೆ ಮುಗಿಯಿತು. ಬ್ಲೆಂಡೂ ಹೋಯಿತು, ರುಚಿ ನೋಡುವ ಮೇಜಿನ ಮುಂದಿನ ಅತ್ತೆಯ ಕುರ್ಚಿಯೂ ಹೋಯಿತು.

ಸೊಸೆಗೆ ಸಿಂಗಲ್ ಒರಿಜಿನ್ ಮೇಲೆ ಒಂದು ಹಳೆಯ ಸಿಟ್ಟೂ ಇತ್ತು. ಅವಳು ಟೀ ಕುಡಿಯುವ ಮನೆಯ ಹುಡುಗಿ. ಮದುವೆಯಾಗಿ ಬರುವವರೆಗೆ ಕಾಫಿಯನ್ನು ನಾಲಿಗೆಗೆ ಸೋಕಿಸಿದವಳಲ್ಲ. ಬಂದ ಮರುದಿನವೇ ಗಂಡ ಅಕ್ಕರೆಯಿಂದ ಒಂದು ಲೋಟ ಸೋಸಿ ಕೊಟ್ಟ. ಹಾಲಿಲ್ಲ, ಸಕ್ಕರೆಯಿಲ್ಲ. ಒಂದು ಗುಟುಕಿಗೆ ಅವಳ ಕಣ್ಣು ಮುಚ್ಚಿಕೊಂಡವು. ನಿಂಬೆಹಣ್ಣು ಹಿಂಡಿದ ಬಿಸಿನೀರು ಕುಡಿದ ಹಾಗಾಯಿತು. "ಕಿತ್ತಳೆ ಗೊತ್ತಾಯ್ತಾ?" ಎಂದು ಅವನು ಕೇಳಿದಾಗ ಹೂಂಗುಟ್ಟಿ, ಅವನು ಆಚೆ ಹೋದದ್ದೇ ತಡ, ಉಳಿದದ್ದನ್ನು ಕಿಟಕಿಯ ಹೂಕುಂಡಕ್ಕೆ ಸುರಿದುಬಿಟ್ಟಳು. ತನ್ನ ನಾಲಿಗೆಯೇ ಸರಿಯಿಲ್ಲವೇನೋ ಎಂದು ಆ ರಾತ್ರಿ ಅತ್ತೂ ಇದ್ದಳು. ಮರುದಿನ ಅತ್ತೆ ಯಾವ ಮಾತೂ ಆಡದೆ ಹಾಲು ಹಾಕಿದ ಬ್ಲೆಂಡಿನ ಲೋಟ ಮುಂದಿಟ್ಟರು. ಎಲ್ಲೂ ಚುಚ್ಚಲಿಲ್ಲ, ಎಲ್ಲೂ ಕೊರೆಯಲಿಲ್ಲ. ಸುಮ್ಮನೆ ಹಿತವಾಗಿತ್ತು. ಅವತ್ತಿನಿಂದ ಅವಳು ಕಾಫಿ ಕುಡಿಯುತ್ತಾಳೆ.

ಹೀಗಿರುವಾಗ ಒಂದು ಬೆಳಿಗ್ಗೆ ನರ್ಸುಗಳ ಹಾಸ್ಟೆಲ್ಲಿನ ವಾರ್ಡನ್ ಬಂದರು. ಕನ್ನಡಕ, ಕೈಯಲ್ಲೊಂದು ಕೊಡೆ, ಮಾತು ಖಡಾಖಂಡಿತ. ಹೊಸದಾಗಿ ಸೇರಿದ ಹುಡುಗಿಯರಿಗೆ ರಾತ್ರಿ ಪಾಳಿ ಇದೆ, ತೂಕಡಿಸುತ್ತಾರೆ, ಕಾಫಿ ಶುರು ಮಾಡಬೇಕು.

"ಒಬ್ಬಳೂ ಕಾಫಿ ಕುಡಿದೋಳಲ್ಲ. ನಾನೂ ಕುಡಿದೋಳಲ್ಲ," ಎಂದರು. "ನನಗೆ ಸೇರಿದ್ದು ಅವರಿಗೂ ಸೇರುತ್ತೆ. ಕೊಡಿ, ನೋಡೋಣ."

ಗಂಡನಿಗೆ ಬೇಕಾದದ್ದೂ ಅದೇ. "ಅಮ್ಮ, ಇವತ್ತೇ ತೀರ್ಮಾನ ಆಗಲಿ. ನಂದೊಂದು ಲೋಟ, ನಿಂದೊಂದು ಲೋಟ. ಹೊಸಬರಿಗೆ ಯಾವುದು ಹಿಡಿಸುತ್ತೋ ಅದೇ ಅಂಗಡೀಲಿ ಇರಲಿ, ಇನ್ನೊಂದು ಬೇಡ. ಒಪ್ತೀಯಾ?"

"ನಿನ್ನಂಥೋನನ್ನ ಹೆತ್ತಿದ್ದೀನಿ, ಇದಕ್ಕೆ ಹೆದರ್ತೀನೇನೋ? ಒಪ್ಪಿದೆ," ಎಂದರು ಅತ್ತೆ.

ಗಂಡ ತನ್ನ ಲೋಟವನ್ನು ಶ್ರದ್ಧೆಯಿಂದಲೇ ಮಾಡಿದ. ಅದನ್ನು ಅಲ್ಲಗಳೆಯುವ ಹಾಗಿಲ್ಲ. ಬೀಜ ತೂಗಿದ, ಆಗಲೇ ಪುಡಿ ಮಾಡಿದ, ಕಾಗದದ ಸೋಸುಕದ ಮೇಲೆ ನಿಧಾನವಾಗಿ ಬಿಸಿನೀರು ಸುತ್ತಿ ಸುತ್ತಿ ಹೊಯ್ದ. ವಾರ್ಡನ್ ಒಂದು ಗುಟುಕು ಕುಡಿದು ಮೂಗು ಮುರಿದರು.

"ಹುಳಿ ಬಂದುಬಿಟ್ಟಿದೆಯಲ್ರೀ. ಕೆಟ್ಟಿದೆಯಾ?"

"ಕೆಟ್ಟಿಲ್ಲ ಮೇಡಂ. ಎತ್ತರದ ತೋಟದ್ದು, ಅದರ ಗುಣವೇ ಅದು. ಹಣ್ಣಿನ ಹುಳಿ. ನಾಲಿಗೆ ಪಳಗಬೇಕು."

"ಓಹೋ, ಹಾಗಾದ್ರೆ ತಪ್ಪು ನನ್ನ ನಾಲಿಗೇದು!" ವಾರ್ಡನ್ ಹಾಲು ಬೆರೆಸಿ ನೋಡಿದರು. ತೆಳ್ಳಗಿನ ಕಾಫಿ ಹಾಲಿನಲ್ಲಿ ಇದ್ದೂ ಇಲ್ಲದಂತಾಯಿತು, ಹುಳಿ ಮಾತ್ರ ಉಳಿಯಿತು. ಲೋಟ ಪಕ್ಕಕ್ಕೆ ಸರಿಯಿತು.

ಆಮೇಲೆ ಅತ್ತೆಯ ಬ್ಲೆಂಡು. ವಾರ್ಡನ್ ಕುಡಿದರು, ಹಾಲು ಹಾಕಿ ಮತ್ತೆ ಕುಡಿದರು. "ಹ್ಞೂಂ, ಇದು ಪರವಾಗಿಲ್ಲ. ಇದನ್ನೇ ಕಳಿಸಿಬಿಡಿ," ಎಂದು ಕೊಡೆ ಕೈಗೆತ್ತಿಕೊಂಡರು. ಅತ್ತೆ ಗೆದ್ದಾಯಿತು! ಮಗರಾಯನ ಮುಖ ಇಷ್ಟೇ ಇಷ್ಟಾಯಿತು.

ಸೊಸೆ ಖುಷಿಯಿಂದ ಮಿಕ್ಕ ಕಾಫಿಯನ್ನು ತನ್ನ ಲೋಟಕ್ಕೆ ಬಗ್ಗಿಸಿಕೊಂಡಳು. ತುಟಿಗೆ ತರುವಷ್ಟರಲ್ಲಿ ಮೂಗಿಗೆ ಏನೋ ಬಡಿಯಿತು. ಗೋಣಿಚೀಲ. ಉಗ್ರಾಣದ ಮೂಲೆಯಲ್ಲಿ ವರ್ಷಗಟ್ಟಲೆ ಬಿದ್ದ ಗೋಣಿಚೀಲದ ಮಂಕು ವಾಸನೆ. ಅವಳು ಅತ್ತೆಯ ಕಡೆ ನೋಡಿದಳು. ಅತ್ತೆ ಗೆಲುವಾಗಿ ಸೆರಗು ಸರಿಪಡಿಸಿಕೊಳ್ಳುತ್ತಿದ್ದರು. ಅವರಿಗೆ ಗೊತ್ತೇ ಇಲ್ಲ! ಗಂಡನೋ, ಬ್ಲೆಂಡನ್ನು ಮೂಸಿ ನೋಡುವುದೇ ತನಗೆ ಕಡಿಮೆ ಎಂದುಕೊಂಡವನು. ವಾರ್ಡನ್ನಿಗೆ ಕಾಫಿ ಹೇಗಿರಬೇಕೆಂದೇ ತಿಳಿಯದು. ಸುಮ್ಮನಿದ್ದರೆ ಯಾರಿಗೂ ಏನೂ ತಿಳಿಯುವುದಿಲ್ಲ, ಅತ್ತೆಯ ಕುರ್ಚಿ ಭದ್ರ.

ಆದರೆ ಅವಳಿಗೆ ಆ ಹುಡುಗಿಯರು ಕಣ್ಣಿಗೆ ಕಟ್ಟಿದರು. ರಾತ್ರಿ ಪಾಳಿಯ ನಡುವೆ ಮೊದಲ ಲೋಟ ಕುಡಿದು, ಮುಖ ಕಿವುಚಿ, ತಮ್ಮ ನಾಲಿಗೆಯೇ ಸರಿಯಿಲ್ಲವೇನೋ ಎಂದು ಬೈದುಕೊಳ್ಳುವ ಹುಡುಗಿಯರು. ಹೊಸಬರಿಗೇನು ಗೊತ್ತಾಗುತ್ತೆ ಎಂದು ಹೊಸಬರ ತಲೆಗೆ ಯಾವುದನ್ನಾದರೂ ಕಟ್ಟಬಹುದೇ? ಅವಳಿಗೆ ರೇಗಿತು.

"ಇದನ್ನ ಕಳಿಸೋ ಹಾಗಿಲ್ಲ," ಎಂದಳು. "ಇದರಲ್ಲಿ ಗೋಣಿ ವಾಸನೆ ಇದೆ."

ಅತ್ತೆ ಅವಳನ್ನು ನುಂಗುವ ಹಾಗೆ ನೋಡಿದರು. ಗಂಡ ಲೋಟ ಕಿತ್ತುಕೊಂಡು ಮೂಸಿದ. "ಹೌದಲ್ಲ! ಹಳೇ ಬೀಜ. ನಾನು ಬಡ್ಕೊಂಡಿದ್ದು ಇದನ್ನೇ, ಬ್ಲೆಂಡ್ ಅಂದ್ರೆ ಹುಳುಕು ಮುಚ್ಚೋದು! ಅಮ್ಮ, ಇದು ನಿನ್ನ ಮೂಗಿಗೆ ಹೇಗೆ..." ಎಂದವನು ಅರ್ಧಕ್ಕೇ ನಿಲ್ಲಿಸಿದ. ಅವನಿಗೆ ಅರ್ಥವಾಗಿತ್ತು.

"ಹೌದು ಕಣೋ, ಮೂಗು ಹೋಗಿದೆ!" ಅತ್ತೆ ಮೇಜು ಗುದ್ದಿದರು. "ಏನೀಗ? ಮೂಗು ಹೋದ್ರೆ ನಾಲಿಗೆ ಹೋಯ್ತಾ? ನನ್ನನ್ನ ಮೂಲೆಗೆ ಕೂರಿಸ್ತೀಯಾ? ಕೂರಿಸು, ನೋಡೋಣ!" ದನಿ ಜೋರಾಗಿತ್ತು, ಕಣ್ಣು ಮಾತ್ರ ತುಂಬಿ ಬಂದಿತ್ತು.

"ಯಾರೂ ಎಲ್ಲೂ ಕೂರಲ್ಲ," ಎಂದಳು ಸೊಸೆ. ಅಷ್ಟು ಗಟ್ಟಿಯಾಗಿ ಅವಳು ಆ ಮನೆಯಲ್ಲಿ ಯಾವತ್ತೂ ಮಾತಾಡಿರಲಿಲ್ಲ. "ಮೇಡಂ, ನೀವು ಒಂದರ್ಧ ಗಂಟೆ ಇರಿ. ರೀ, ನೀವು ನೀರು ಕಾಯಿಸಿ."

ಬ್ಲೆಂಡಿನ ಮೂರು ಬೀಜದ ಡಬ್ಬಿಗಳನ್ನು ತಂದು, ಒಂದೊಂದರ ಪುಡಿಯನ್ನೂ ಒಂದೊಂದು ಬಟ್ಟಲಿಗೆ ಹಾಕಿದಳು. ಅತ್ತೆ ದಿನಾ ಮಾಡುವುದನ್ನು ನೋಡಿಯೇ ಕಲಿತದ್ದು. ಬಿಸಿನೀರು ಹೊಯ್ದು ಸ್ವಲ್ಪ ಕಾದು, ಮೇಲೆ ಪದರ ಕಟ್ಟಿದ ಪುಡಿಯನ್ನು ಚಮಚದಿಂದ ಒಡೆದು ಮೂಗು ಹತ್ತಿರ ತಂದಳು. ಮೊದಲ ಬಟ್ಟಲು, ಹಣ್ಣಿನ ಹಾಗೆ ಸಿಹಿ. ಎರಡನೆಯದು ಕಿತ್ತಳೆ ಸಿಪ್ಪೆಯ ಹಾಗೆ ಚುರುಕು. ಅರೆ, ಇದು ಗಂಡನ ಸಿಂಗಲ್ ಒರಿಜಿನ್ ಬೀಜವೇ! ಅತ್ತೆ ಅದನ್ನೇ ಇನ್ನೂ ಸ್ವಲ್ಪ ಹೊತ್ತು ಹುರಿಸುತ್ತಾರೆ, ಅಷ್ಟೇ ವ್ಯತ್ಯಾಸ. ಮೂರನೆಯದಕ್ಕೆ ಮುಖ ಹಿಂದೆಗೆದಳು.

"ಇದೇ ಗೋಣಿ."

"ಬಾಯಿ ತುಂಬ್ಲಿ ಅಂತ ತಳಕ್ಕೆ ಹಾಕೋ ಭಾರದ ಬೀಜ," ಅತ್ತೆ ಮೆಲ್ಲಗೆ ಹೇಳಿದರು. "ಹೋದ ವರ್ಷದ ಮೂಟೆ. ಚೆನ್ನಾಗೇ ಇರುತ್ತೆ ಅಂದ್ಕೊಂಡೆ. ನೋಡ್ಲೇ ಇಲ್ಲ. ತಪ್ಪು ನಂದೇ."

ಈ ವರ್ಷದ ಮೂಟೆಯಿಂದ ಹುರಿದದ್ದು ಇನ್ನೊಂದು ಡಬ್ಬಿಯಲ್ಲಿತ್ತು. ಸೊಸೆ ಮೂಸಿದಳು, ಹುರಿದ ಕಡಲೆಯಂಥ ಒಳ್ಳೆಯ ವಾಸನೆ. ಅತ್ತೆ ಚಮಚದಲ್ಲಿ ಸುರ್ ಎಂದು ಎಳೆದುಕೊಂಡರು. "ಭಾರ ಸಾಲದು, ಕಹಿ ಒಂದು ಕೂದಲೆಳೆ ಜಾಸ್ತಿ. ಸಿಹಿದು ಒಂದು ಚಮಚ ಹೆಚ್ಚು ಹಾಕು, ಹುಳಿದು ಅರ್ಧ ಕಡಿಮೆ ಮಾಡು." ಸೊಸೆ ಬೆರೆಸಿದಳು, ಮೂಸಿದಳು. ಅತ್ತೆ ಕುಡಿದರು, ತಲೆ ಅಡ್ಡ ಆಡಿಸಿದರು. ಮತ್ತೆ ಬೆರೆಸಿದಳು. ಕೊನೆಗೆ ಅತ್ತೆ ತಲೆ ಆಡಿಸಿದ್ದು ಉದ್ದಕ್ಕೆ.

ವಾರ್ಡನ್ ಆ ಲೋಟವನ್ನು ಕೊನೆಯ ಗುಟುಕಿನವರೆಗೂ ಕುಡಿದರು. ಖಾಲಿ ಲೋಟ ಮುಂದೆ ಚಾಚಿದರು, ಇನ್ನೊಂದು ಬೇಕೆಂದು. ಎರಡನೆಯದನ್ನು ಹೀರುತ್ತ, ಪಕ್ಕದಲ್ಲಿ ಉಳಿದಿದ್ದ ಎರಡನೇ ಬಟ್ಟಲಿಗೂ ಚಮಚ ಅದ್ದಿದರು. "ಈ ಹುಳೀನೇ ಅಲ್ವಾ ಈ ಲೋಟದೊಳಗೂ ಒಂಚೂರು ಇರೋದು? ಈಗ ಗೊತ್ತಾಯ್ತು ನೋಡಿ. ಒಂಟಿಯಾಗಿ ಬಂದಾಗ ಕಚ್ಚಿತು, ಗುಂಪಲ್ಲಿ ಬಂದಾಗ ನಗ್ತಿದೆ."

"ಕುಡಿಯೋಕೆ ಶುರು ಮಾಡೋರಿಗೆ ಬ್ಲೆಂಡು, ಕಲಿಯೋಕೆ ಶುರು ಮಾಡೋರಿಗೆ ಒಂದೇ ತೋಟದ್ದು," ಎಂದರು ಅತ್ತೆ. "ಇಷ್ಟು ಹೇಳಿಕೊಡದೆ ನಿಂಗೆ ತರಬೇತೀಲಿ ಏನೋ ಹೇಳಿಕೊಟ್ರು?"

ವಾರ್ಡನ್ ಬ್ಲೆಂಡಿಗೆ ಹೇಳಿ ಹೊರಟುಹೋದ ಮೇಲೆ ಗಂಡ ಬಟ್ಟಲು ತೊಳೆಯುತ್ತ ಗೊಣಗಿದ. "ಸರಿ, ಸೋತೆ. ಆದ್ರೆ ಮುಂದಿನ ಬೆಳೆಗೆ? ಮೂಗಿಲ್ಲದೆ ಬ್ಲೆಂಡ್ ಮಾಡೋಕಾಗುತ್ತಾ ಅಮ್ಮ?"

ಸೊಸೆ ಒಂದು ಸ್ಟೂಲನ್ನು ದರದರನೆ ಎಳೆದು ತಂದು ಅತ್ತೆಯ ಕುರ್ಚಿಯ ಪಕ್ಕ ಹಾಕಿ ಕೂತಳು. "ನನ್ನ ಮೂಗಿದೆ."

"ನಿಂಗೇನು ಗೊತ್ತು? ನೀನಿನ್ನೂ ಹೊಸಬಳು."

"ಗೋಣಿ ವಾಸನೆ ಗೊತ್ತು. ನಿಮಗೆ ಗೊತ್ತಾಗ್ಲಿಲ್ಲ."

ಅವನು ತಣ್ಣಗಾಗಿ ಬಟ್ಟಲು ತೊಳೆದ. ಅತ್ತೆ ಸೊಸೆಯ ಕಡೆ ತಿರುಗಿ ಕೂತರು. ಬೈಗುಳಕ್ಕೆ ಅವಳು ಸಿದ್ಧವಾಗಿಯೇ ಇದ್ದಳು. ಎಲ್ಲರ ಮುಂದೆ ಅತ್ತೆಯ ಗುಟ್ಟು ರಟ್ಟು ಮಾಡಿದವಳಲ್ಲವೇ!

"ನಾಳೆಯಿಂದ ಒಂದೊಂದೇ ತೋಟದ್ದು ಕುಡೀಬೇಕು ನೀನು," ಎಂದರು ಅತ್ತೆ. "ಹಾಲಿಲ್ಲ, ಸಕ್ಕರೆಯಿಲ್ಲ. ಹುಳಿ ಅಂತ ಮತ್ತೆ ಹೂಕುಂಡಕ್ಕೆ ಸುರಿದ್ರೆ ಜೋಕೆ."

"ಅದು... ನಿಮಗೆ ಹೇಗೆ ಗೊತ್ತಾಯ್ತು ಅತ್ತೆ?"

ಅತ್ತೆ ಕಿಟಕಿಯ ಹೂಕುಂಡದ ಕಡೆ ಕೈ ತೋರಿಸಿದರು.

"ಆಗಿನ್ನೂ ನಂಗೆ ಮೂಗಿತ್ತು ಕಣೇ."