ಇಳಿಯದ ಗೆರೆ

ಇಂದಿರಾನಗರದ ನಮ್ಮ ಜಾಹೀರಾತು ಕಚೇರಿಯ ಮಾಲೀಕ ಲಿಖಿತ್‌ಗೆ ಇಳಿಯುವ ಗೆರೆ ಕಂಡರಾಗದು. ಗಿರಾಕಿ ಹಂಸ ಅವರ ಬೇಕರಿಯ ಸೋಶಿಯಲ್ ಮೀಡಿಯಾ ಪುಟದ ಫಾಲೋವರ್ಸ್ ಸಂಖ್ಯೆಯನ್ನು ನಾನು ಬರೆದ ಪ್ರೋಗ್ರಾಂ, ಒಂದು ಪೈಥಾನ್ ಸ್ಕ್ರಿಪ್ಟ್, ದಿನಕ್ಕೊಮ್ಮೆ ತಂದು, ತಾರೀಕಿನ ಜೊತೆ ಪುಟ್ಟ ಡೇಟಾಬೇಸಿಗೆ ಸೇರಿಸುತ್ತಿತ್ತು. ಬೆಳವಣಿಗೆಯ ಚಾರ್ಟ್ ಮೂಡುತ್ತಿದ್ದದ್ದು ಅದರಿಂದಲೇ.

"ಪ್ರಿಯಾ, ನಿನ್ನೆಗಿಂತ ಕಮ್ಮಿ ಬಂದ್ರೆ ನಿನ್ನೇದೇ ಹಾಕ್ಬಿಡು. ಗ್ರಾಫ್ ಇಳೀಬಾರ್ದು."

"ಸರ್, ನಿಜವಾದ ನಂಬರ್ ಪಕ್ಕದಲ್ಲಾದ್ರೂ ಇಡೋಣ. ಕಳೆದ ದಿನದ್ದು ಆಮೇಲೆ ಸಿಗಲ್ಲ."

"ಕಸ ಯಾಕೆ ಗುಡ್ಡೆ ಹಾಕ್ತೀಯಾ?" ಎಂದ ಮಹಾಜ್ಞಾನಿ. ಹೇಳಿದಂತೆ ಮಾಡಿದೆ.

ಮರುವಾರ ಆ ಪುಟವಿದ್ದ ಆ್ಯಪ್‌ನವರು ನಕಲಿ ಖಾತೆಗಳನ್ನೆಲ್ಲ ತೆಗೆದುಹಾಕಿದರು. ಹಂಸ ಅವರ ಎಣಿಕೆ ಧೊಪ್ಪನೆ ಬಿತ್ತು. ಗೆರೆ ಮಾತ್ರ ಹಳೆಯ ಎತ್ತರದಲ್ಲೇ ಮಲಗಿತು. ಆಮೇಲೆ ಅವರ ದಿಲ್‌ಪಸಂದ್ ವಿಡಿಯೋ ನೋಡಿ ದಿನವೂ ಹೊಸಬರು ಬಂದರು. ಆದರೂ ಎಣಿಕೆ ಆ ಹಳೆಯ ಎತ್ತರ ಮುಟ್ಟಲಿಲ್ಲವಾದ್ದರಿಂದ, ಸ್ಕ್ರಿಪ್ಟ್ ತನ್ನ ಯಜಮಾನನಷ್ಟೇ ನಾಚಿಕೆಯಿಲ್ಲದೆ ಹಳೆಯ ಸಂಖ್ಯೆಯನ್ನೇ ಬರೆಯುತ್ತಾ ಹೋಯಿತು.

ತಿಂಗಳ ಮೀಟಿಂಗಿನಲ್ಲಿ ಹಂಸ ಚಪ್ಪಟೆ ಗೆರೆ ನೋಡಿದರು. "ತಿಂಗಳೆಲ್ಲಾ ಒಬ್ರೂ ಬರ್ಲಿಲ್ವೇನ್ರೀ? ಮತ್ತೆ ನೀವ್ಯಾಕ್ರೀ ಬೇಕು ನನಗೆ?"

"ದಿನಾ ಬಂದಿದಾರೆ ಮೇಡಂ!" ಲಿಖಿತ್ ಬೆವರುತ್ತಾ ನನ್ನ ಕಡೆ ತಿರುಗಿದ. "ಪ್ರಿಯಾ, ನಿಜವಾದ ನಂಬರ್ಸ್ ತೋರ್ಸು."

"ಕಸ ಗುಡ್ಡೆ ಹಾಕಿಲ್ಲ, ಸರ್."