ಆರು ಸಾಲಿನ ಕೆಳಗೆ

ನಮ್ಮ ಆಸ್ಪತ್ರೆಯ ಲ್ಯಾಬಿನಲ್ಲಿ ನಾನೊಬ್ಬಳೇ. ಕೂನೂರಿನ ಚಳಿಗೆ ಇಪ್ಪತ್ತಾರು ವರ್ಷದಿಂದ ಮೈಯೊಡ್ಡಿದ್ದೇನೆ. ಬಾಯಿ ಜೋರು ಎಂದು ನರ್ಸುಗಳು ಬೆನ್ನ ಹಿಂದೆ ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ. ಇಡೀ ದಿನ ರಕ್ತದ ಜೊತೆ ಮಾತಾಡುವವಳಿಗೆ ಮನುಷ್ಯರು ಸಿಕ್ಕಾಗ ದನಿ ಏರುವುದು ಸಹಜ. ಕ್ವಾರ್ಟರ್ಸಿಗೆ ಹೋದರೆ ಅಲ್ಲಿ ಗೋಡೆ ಬಿಟ್ಟು ಬೇರೆ ಯಾರೂ ಇಲ್ಲ.

ದಿನಾ ತಪ್ಪದೆ ನನ್ನೊಡನೆ ಮಾತಾಡುತ್ತಿದ್ದವನು ಒಬ್ಬನೇ, ಗೇಟಿನೆದುರಿನ ಇಸ್ತ್ರಿ ಅಂಗಡಿಯ ಅಯ್ಯಾದುರೈ. ತಿರುನೆಲ್ವೇಲಿ ಕಡೆಯವನು, ಅರವತ್ತು ದಾಟಿದೆ, ಹೆಂಡತಿ ತೀರಿಕೊಂಡು ಬಹಳ ವರ್ಷವಾಯಿತು. ನಾನು ಅವನನ್ನು ಅವರ ಕಡೆಯ ವಾಡಿಕೆಯಂತೆ ಅಣ್ಣಾಚಿ, ಅಂದರೆ ಅಣ್ಣ, ಎನ್ನುತ್ತಿದ್ದೆ, ಅವನು ನನ್ನನ್ನು ಲ್ಯಾಬಮ್ಮ ಎನ್ನುತ್ತಿದ್ದ. ಮರಕತಂ ಎಂಬ ನನ್ನ ಹೆಸರು ಅವನಿಗೆ ಗೊತ್ತಿತ್ತೋ ಇಲ್ಲವೋ. ಇದ್ದಿಲ ಪೆಟ್ಟಿಗೆಯಲ್ಲಿ ನನ್ನ ಬಿಳಿ ಕೋಟನ್ನು ಇಸ್ತ್ರಿ ಮಾಡಿ ಕೊಡುವಾಗ, ಜೇಬಿನ ಶಾಯಿ ಕಲೆ ತೋರಿಸಿ ದಿನಾ ಬೈಯುತ್ತಿದ್ದ. ಆ ಬೈಗುಳ ಕೇಳದೆ ಕೆಲಸಕ್ಕೆ ಹೋದರೆ ನನಗೆ ಏನೋ ಮರೆತ ಹಾಗಾಗುತ್ತಿತ್ತು.

ಅಂಗಡಿಯೇ ಅವನ ಮನೆ. ಹಗಲು ಬಟ್ಟೆ ಉಜ್ಜುವ ಮೇಜಿನ ಕೆಳಗೆ ರಾತ್ರಿ ಚಾಪೆ. ಅವನ ಜೊತೆಗೆ ಒಂದು ಬೂದು ಬೆಕ್ಕು. ಬೆಚ್ಚಗಿನ ಬಟ್ಟೆಯ ಮೇಲೆ ಕಾಲು ಚಾಚಿ ಮಲಗುತ್ತಿದ್ದುದರಿಂದ ಅದಕ್ಕೆ ಜಮೀನ್ದಾರ ಎಂದು ಹೆಸರಿಟ್ಟಿದ್ದ. ಜನವರಿಯ ಒಂದು ಸೋಮವಾರ ಕೋಟು ತರಲು ಹೋದಾಗ ಅವನ ಮುಖ ಬಾಡಿತ್ತು. ಬೆಕ್ಕು ನಿನ್ನೆ ಸತ್ತುಹೋಯಿತು, ಯಾರೋ ವಿಷ ಹಾಕಿರಬೇಕು ಎಂದ. ನಿಮ್ಮ ಗಜ್ಜಿ ಬೆಕ್ಕಿಗೆ ವಿಷ ಹಾಕುವಷ್ಟು ಪುರುಸೊತ್ತು ಯಾರಿಗಿದೆ ಅಣ್ಣಾಚಿ ಎಂದು ನಾನು ನಕ್ಕುಬಿಟ್ಟೆ. ಅವನು ನಗಲಿಲ್ಲ. ಆ ದಿನ ಶಾಯಿ ಕಲೆಯ ಮಾತೂ ಬರಲಿಲ್ಲ.

ಮರುದಿನ, ಮಂಗಳವಾರ ಬೆಳಗ್ಗೆ, ಅವನೇ ಆಸ್ಪತ್ರೆಗೆ ಬಂದ. ತಲೆ ಸಿಡಿಯುತ್ತಿದೆ, ಎರಡು ಸಲ ವಾಂತಿಯಾಯಿತು, ನಿಂತರೆ ಕಣ್ಣು ಕತ್ತಲೆ ಬರುತ್ತದೆ ಎಂದ. ಡ್ಯೂಟಿಯಲ್ಲಿದ್ದ ಡಾಕ್ಟರ್ ಇನಿಯನ್ ಹುಡುಗು ಮುಖದವರಾದರೂ ಕೆಲಸದಲ್ಲಿ ಶ್ರದ್ಧೆಯವರು. ಕೇಳಬೇಕಾದದ್ದನ್ನೇ ಕೇಳಿದರು, ಮನೆಯಲ್ಲಿ ಬೇರೆ ಯಾರಿಗಾದರೂ ಹೀಗೆ ತಲೆನೋವು ಇದೆಯೇ ಎಂದು. ಮನೆಯಲ್ಲಿ ಬೇರೆ ಯಾರೂ ಇಲ್ಲ ಎಂದ ಅಣ್ಣಾಚಿ. ಬೆಕ್ಕನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದೆಂದು ಅವನಿಗೇನು ಗೊತ್ತು? ಗೊತ್ತಿದ್ದ ನಾನು ಅಲ್ಲಿರಲಿಲ್ಲ, ಲ್ಯಾಬಿನಲ್ಲಿದ್ದೆ.

ಆಮ್ಲಜನಕ ಅಳೆಯಲು ಬೆರಳಿಗೆ ಸಿಕ್ಕಿಸುವ ಕ್ಲಿಪ್ಪು ತೊಂಬತ್ತೊಂಬತ್ತು ತೋರಿಸಿತು. ಆದರೂ ಡಾಕ್ಟರು ಮಣಿಕಟ್ಟಿನ ನಾಳದಿಂದ ರಕ್ತ ತೆಗೆದು ನನಗೆ ಕಳಿಸಿದರು.

ಇಲ್ಲಿ ನನ್ನ ಪಾಪವನ್ನು ಹೇಳಿಬಿಡುತ್ತೇನೆ. ನಮ್ಮ ಯಂತ್ರ ದಾನವಾಗಿ ಬಂದದ್ದು, ಊರಿನ ಸಣ್ಣ ಆಸ್ಪತ್ರೆಯ ಮಟ್ಟ ಮೀರಿದ್ದು. ರಕ್ತದಲ್ಲಿ ಆಮ್ಲ ಎಷ್ಟು, ಅನಿಲ ಎಷ್ಟು ಎಂದು ಅಳೆಯುವುದಲ್ಲದೆ ಅದರ ಹೊಟ್ಟೆಯಲ್ಲಿ ಒಂದು ಕೋ-ಆಕ್ಸಿಮೀಟರ್ ಕೂಡ ಇದೆ. ರಕ್ತಕಣಗಳನ್ನು ಒಡೆದು, ಅದರೊಳಗೆ ಹತ್ತಾರು ಬಣ್ಣದ ಬೆಳಕು ಹಾಯಿಸಿ, ಯಾವ ಹಿಮೋಗ್ಲೋಬಿನ್ ಯಾವುದನ್ನು ಹೊತ್ತಿದೆ ಎಂದು ಬೇರೆ ಬೇರೆಯಾಗಿ ಹೇಳುತ್ತದೆ. ಎಲ್ಲವನ್ನೂ ಒಂದೇ ಉದ್ದ ಚೀಟಿಯಲ್ಲಿ ಅಚ್ಚು ಹಾಕುತ್ತದೆ. ಹಿಂದಿದ್ದ ದೊಡ್ಡ ಡಾಕ್ಟರಿಗೆ ಆ ಉದ್ದ ಕಂಡರೆ ಆಗುತ್ತಿರಲಿಲ್ಲ. ಸೀರೆಯಷ್ಟು ಉದ್ದದ ಚೀಟಿಯನ್ನು ಫೈಲಿಗೆ ಅಂಟಿಸಿದರೆ ಓದುವವರಾರು, ಮೇಲಿನ ಆರು ಸಾಲು ಸಾಕು ಎಂದು ಒಮ್ಮೆ ಗದರಿದ್ದರು. ಅಂದಿನಿಂದ ಆರನೆಯ ಸಾಲಿನ ಕೆಳಗೆ ಕತ್ತರಿ. ಅವರು ನಿವೃತ್ತರಾಗಿ ಎರಡು ವರ್ಷವಾದರೂ ನನ್ನ ಕತ್ತರಿ ನಿವೃತ್ತವಾಗಲಿಲ್ಲ. ಯಂತ್ರ ಪೀಪೀ ಎನ್ನುತ್ತದೆ, ಅದು ಎಲ್ಲಕ್ಕೂ ಅನ್ನುತ್ತದೆ, ನಾನು ಗುಂಡಿ ಒತ್ತಿ ಬಾಯಿ ಮುಚ್ಚಿಸುತ್ತೇನೆ. ಕತ್ತರಿಸಿದ ಬಾಲವನ್ನು ಕೋಟಿನ ಜೇಬಿಗೆ ಹಾಕಿಕೊಳ್ಳುತ್ತೇನೆ. ಹಿಂಬದಿ ಖಾಲಿ ಇರುತ್ತದಲ್ಲ, ತರಕಾರಿ ಪಟ್ಟಿ ಬರೆಯಲು ಆಗುತ್ತದೆ.

ಮಂಗಳವಾರವೂ ಹಾಗೇ ಮಾಡಿದೆ. ಆರು ಸಾಲೂ ಸುಮಾರಾಗಿ ಸರಿಯಾಗಿದ್ದವು. ಆಮ್ಲಜನಕದ ಒತ್ತಡ ಸರಿ, ಆರನೆಯ ಸಾಲಿನ ಸ್ಯಾಚುರೇಷನ್ ತೊಂಬತ್ತೆಂಟು. ಡಾಕ್ಟರು ಅದನ್ನು ನೋಡಿ, ಅವನು ಸೇದುವ ಬೀಡಿ ಮತ್ತು ಖಾಲಿ ಹೊಟ್ಟೆಯೇ ಕಾರಣವೆಂದು ತಿಳಿದು, ಗ್ಯಾಸ್ಟ್ರಿಕ್ ಮಾತ್ರೆ ಬರೆದು ಕಳಿಸಿದರು.

ಬುಧವಾರ ಸಂಜೆ ಐದೂವರೆಗೆ ಮಾರ್ಕೆಟ್ಟಿನಲ್ಲಿ ಬೀನ್ಸ್ ಆರಿಸುತ್ತಿದ್ದೆ. ಪಟ್ಟಿ ನೋಡಲು ಜೇಬಿನಿಂದ ಚೀಟಿ ತೆಗೆದವಳು ಅದನ್ನು ತಿರುಗುಮುರುಗಾಗಿ ಹಿಡಿದಿದ್ದೆ. ಕಾರ್ಬಾಕ್ಸಿ ಹಿಮೋಗ್ಲೋಬಿನ್, ಇಪ್ಪತ್ತೇಳು ಪಾಯಿಂಟ್ ನಾಲ್ಕು, ಪಕ್ಕದಲ್ಲಿ ಮೇಲ್ಮುಖ ಬಾಣ. ಕೆಳಗೆ ಮಂಗಳವಾರದ ತಾರೀಕು. ಆ ದಿನ ಆ ಯಂತ್ರಕ್ಕೆ ಹಾಕಿದ್ದು ಒಂದೇ ರಕ್ತ, ಅಣ್ಣಾಚಿಯದು.

ಬೀಡಿ ಸೇದುವವರಲ್ಲಿ ಹತ್ತರ ಆಸುಪಾಸಿಗೆ ಹೋಗುವುದುಂಟು. ಇಪ್ಪತ್ತೇಳು ಬೀಡಿಯದ್ದಲ್ಲ. ಇದ್ದಿಲ ಹೊಗೆಯದು, ಹೊಗೆಯೂ ಅಲ್ಲ, ಕಣ್ಣಿಗೆ ಕಾಣದ, ಮೂಗಿಗೆ ತಾಗದ ಕಾರ್ಬನ್ ಮೊನಾಕ್ಸೈಡ್. ಬಸ್ಸಿನಲ್ಲಿ ಇಳಿಯದೆ ಕೂತವರ ಹಾಗೆ ಅದು ಹಿಮೋಗ್ಲೋಬಿನ್ನಿನಲ್ಲಿ ಆಮ್ಲಜನಕದ ಸೀಟು ಹಿಡಿದು ಕೂರುತ್ತದೆ. ಬೆಕ್ಕನ್ನು ಕೊಂದದ್ದೂ ಅದೇ. ಆರನೆಯ ಸಾಲು ಸುಳ್ಳು ಹೇಳಿರಲಿಲ್ಲ. ಅದು ಉಳಿದ ಸೀಟುಗಳಲ್ಲಿ ಎಷ್ಟು ತುಂಬಿವೆ ಎಂದಷ್ಟೇ ಹೇಳುತ್ತದೆ. ಬೆರಳಿನ ಕ್ಲಿಪ್ಪಿಗಂತೂ ಈ ಕೆಂಪು ಆ ಕೆಂಪು ಎರಡೂ ಒಂದೇ. ನಿಜ ಹೇಳುವ ಸಾಲನ್ನು ನಾನು ಬೀನ್ಸಿನ ಪಟ್ಟಿ ಮಾಡಿಕೊಂಡಿದ್ದೆ.

ಚೀಲ ಅಲ್ಲೇ ಬಿಟ್ಟು ಏರು ದಾರಿ ಹಿಡಿದೆ. ಆಟೋ ಒಂದೂ ನಿಲ್ಲಲಿಲ್ಲ. ಓಡುವ ವಯಸ್ಸಲ್ಲ, ಆದರೂ ಓಡಿದೆ. ಮೂರನೆಯ ತಿರುವಿನಲ್ಲಿ ಎದೆ ಹಿಡಿದುಕೊಂಡಿತು, ದೇವರೇ, ಅವನು ಬಾಗಿಲು ಹಾಕದಿರಲಿ ಎಂದುಕೊಂಡೆ. ಆ ವಾರ ಹಿಮ ಬೀಳುವಷ್ಟು ಚಳಿ ಇತ್ತು.

ಬಾಗಿಲು ಹಾಕಿತ್ತು. ಕೆಳಗಿನ ಸಂದಿಗೆ ಗೋಣಿ ತುರುಕಿದ್ದ. ಬಡಿದೆ, ಕೂಗಿದೆ, ಸದ್ದಿಲ್ಲ. ಪಕ್ಕದ ಟೀ ಅಂಗಡಿಯ ಮೊಯ್ದು ಓಡಿಬಂದು ಹೆಗಲು ಕೊಟ್ಟು ಚಿಲಕ ಮುರಿದ. ಒಳಗೆ ಹೊಗೆಯ ವಾಸನೆ ಚೂರೂ ಇರಲಿಲ್ಲ. ಮೂಲೆಯ ಡಬ್ಬಿಯಲ್ಲಿ ನಾಳೆಗೆಂದು ಉಳಿಸಿದ ಕೆಂಡ ಚೆಂದವಾಗಿ ಹೊಳೆಯುತ್ತಿತ್ತು. ಅಣ್ಣಾಚಿ ಮೇಜಿಗೆ ಒರಗಿ ಕುಸಿದಿದ್ದ, ಕೈಯಲ್ಲಿ ನನ್ನ ಇನ್ನೊಂದು ಕೋಟಿತ್ತು. ಉಸಿರು ನಡೆದಿತ್ತು. ಇಬ್ಬರೂ ಅವನನ್ನು ಎಳೆದು ಹೊರಗಿನ ಗಾಳಿಗೆ ತಂದೆವು, ಆಮೇಲೆ ರಸ್ತೆ ದಾಟಿಸಿದೆವು.

ಡಾಕ್ಟರ್ ಇನಿಯನ್ ಕ್ಲಿಪ್ಪು ಸಿಕ್ಕಿಸಿದರು. ತೊಂಬತ್ತೊಂಬತ್ತು. ಅದನ್ನು ನಂಬಬೇಡಿ ಎಂದು ನಾನು ಏದುಸಿರಿನಲ್ಲೇ ಹೇಳಿ, ಅವರಿಂದ ರಕ್ತ ತೆಗೆಸಿ, ಲ್ಯಾಬಿಗೆ ಓಡಿದೆ. ಅಷ್ಟರಲ್ಲಿ ಅವರು ಬಿಗಿ ಮಾಸ್ಕಿನಲ್ಲಿ ಪೂರ್ತಿ ಆಮ್ಲಜನಕ ಹಚ್ಚಿಯಾಗಿತ್ತು, ಫಲಿತಾಂಶಕ್ಕೆ ಕಾಯಲಿಲ್ಲ. ಅದು ಸರಿಯಾದ ಕೆಲಸ. ಚೀಟಿ ಬಂತು, ಮೂವತ್ತೆಂಟು. ಈ ಸಲ ಕತ್ತರಿ ಮುಟ್ಟದೆ ಪೂರ್ತಿ ಉದ್ದ ಅವರ ಕೈಗಿಟ್ಟೆ.

ಅವರು ಓದಿದರು. ಆಮೇಲೆ ತಲೆಯೆತ್ತಿ, "ಮಂಗಳವಾರದ್ದು ಎಷ್ಟಿತ್ತು, ಮೇಡಂ?" ಎಂದರು.

ಜೇಬಿನ ಚೀಟಿ ಕೊಟ್ಟೆ. ಬೀನ್ಸ್ ಕಾಲು ಕಿಲೋ, ಶುಂಠಿ, ಕೊತ್ತಂಬರಿ ಎಂದು ಬರೆದ ಕಡೆಯೇ ಮೇಲಿತ್ತು. ಅವರು ತಿರುಗಿಸಿ ನೋಡಿದರು. ಬೈಯಬಹುದಿತ್ತು. ಬೈದಿದ್ದರೆ ನಾನೂ ತಿರುಗಿ ಬೈದು ಹಗುರವಾಗುತ್ತಿದ್ದೆ.

"ನಾನೂ ಈ ಸಾಲು ಕೇಳ್ಬೇಕಿತ್ತು," ಎಂದರು. "ಚಳಿಗಾಲ, ಇಸ್ತ್ರಿ ಅಂಗಡಿ. ಕೇಳ್ಲಿಲ್ಲ."

ಗಂಟೆಗೊಮ್ಮೆ ರಕ್ತ ನೋಡಿದೆ. ಇಪ್ಪತ್ತೆರಡು, ಹನ್ನೆರಡು, ಏಳು. ಬರೀ ಗಾಳಿಯಲ್ಲಿ ಅರ್ಧಕ್ಕಿಳಿಯಲು ನಾಲ್ಕೈದು ಗಂಟೆ ಬೇಕಾದದ್ದು ಆಮ್ಲಜನಕದಲ್ಲಿ ಒಂದು ಗಂಟೆಯ ಸುತ್ತಮುತ್ತ ಇಳಿಯುತ್ತದೆ. ಒತ್ತಡದ ಕೋಣೆಯಲ್ಲಿಟ್ಟು ಆಮ್ಲಜನಕ ಕೊಡುವ ಜಾಗ ಬೆಟ್ಟದ ಮೇಲೆಲ್ಲೂ ಇಲ್ಲ. ಡಾಕ್ಟರು ಕೆಳಗಿನ ಊರುಗಳಿಗೆ ಫೋನ್ ಮಾಡಿದರು, ಸಿಗಲಿಲ್ಲ. ಬೆಳಗ್ಗೆ ಅವನು ಕಣ್ಣು ಬಿಟ್ಟು, ಮಾಸ್ಕು ಸರಿಸಿ, ಕೋಟು ಇನ್ನೂ ಒಂದು ತೋಳು ಬಾಕಿ ಇದೆ ಲ್ಯಾಬಮ್ಮ ಎಂದ. ನಾನು ಮೂಲೆಗೆ ಹೋಗಿ ಅತ್ತೆ.

ಮನೆಗೆ ಕಳಿಸುವ ದಿನ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದರು. ರಕ್ತ ಶುದ್ಧವಾಯಿತೆಂದರೆ ಮಿದುಳು ಪಾರಾಯಿತೆಂದಲ್ಲ, ಕೆಲವರಿಗೆ ಎರಡು ಮೂರು ವಾರ ಬಿಟ್ಟು ಮರೆವು ಬರುತ್ತದೆ, ನಡಿಗೆ ಕೆಡುತ್ತದೆ, ಯಾರಾದರೂ ಕಣ್ಣಿಟ್ಟಿರಬೇಕು ಎಂದರು. ಕಾಗದದಲ್ಲಿ ನೋಡಿಕೊಳ್ಳುವವರ ಹೆಸರಿಗೆ ಖಾಲಿ ಜಾಗವಿತ್ತು. ಅಣ್ಣಾಚಿ ಯಾರೂ ಇಲ್ಲ ಎಂದ. ನಾನು ಪೆನ್ನು ಕಿತ್ತುಕೊಂಡು ನನ್ನ ಹೆಸರು ಬರೆದೆ.

ಮೊಯ್ದು ಮತ್ತು ನಾನು ಗೋಡೆಯಲ್ಲಿ ಕಿಟಕಿ ಕೊರೆಸಿದೆವು. ಕೆಂಡದ ಡಬ್ಬಿಯನ್ನು ಹೊರಗೆ ತಗಡಿನ ಕೆಳಗೆ ಇಡಿಸಿದೆವು. ಎರಡು ವಾರ ಎಲ್ಲ ಸರಿಯಿತ್ತು. ಶಾಯಿ ಕಲೆಗೆ ಬೈದ. ನನಗೆ ಸ್ವರ್ಗವೇ ಸಿಕ್ಕಿತು.

ಮೂರನೆಯ ವಾರ ಒಂದೇ ಕೋಟನ್ನು ಎರಡು ಸಲ ಉಜ್ಜಿದ. ಹೆಜ್ಜೆ ಚಿಕ್ಕದಾಯಿತು. ಒಂದು ಸಂಜೆ ಹೋದಾಗ ತಟ್ಟೆಯಲ್ಲಿ ಹಾಲು ಹಾಕಿಕೊಂಡು ಹೊಸ್ತಿಲಲ್ಲಿ ಕೂತಿದ್ದ.

"ಜಮೀನ್ದಾರ ಎಲ್ಲಿ, ಲ್ಯಾಬಮ್ಮ? ಹೊತ್ತಾಯ್ತು, ಇನ್ನೂ ಬಂದಿಲ್ಲ."

ಸತ್ತುಹೋಯಿತಲ್ಲ ಅಣ್ಣಾಚಿ ಎಂದೆ. ಅವನ ಮುಖ ಕುಸಿಯಿತು. ಯಾವಾಗ, ಹೇಗೆ ಎಂದು ಕೇಳಿ, ಹೊಸದಾಗಿ ಅತ್ತ. ಮರುದಿನ ಅದೇ ತಟ್ಟೆ, ಅದೇ ಪ್ರಶ್ನೆ, ಅದೇ ಅಳು.

ಡಾಕ್ಟರು ಪರೀಕ್ಷಿಸಿ, ಹಲವರು ವರ್ಷದೊಳಗೆ ಸುಧಾರಿಸುತ್ತಾರೆ, ಕಾಯೋಣ ಎಂದರು. ಮಂಗಳವಾರವೇ ಗೊತ್ತಾಗಿದ್ದರೆ ಹೀಗಾಗುತ್ತಿರಲಿಲ್ಲವೇ ಎಂದು ಕೇಳಿದೆ. ಹೇಳಲಾಗದು ಎಂದರು. ಸುಳ್ಳು ಹೇಳುವ ಮನುಷ್ಯರಲ್ಲ. ಹೇಳಿದ್ದರೆ ಚೆನ್ನಾಗಿತ್ತು.

ಈಗ ಚೀಟಿಗಳು ಸೀರೆಯಷ್ಟೇ ಉದ್ದವಾಗಿ ಫೈಲಿಗೆ ಹೋಗುತ್ತವೆ. ಕತ್ತರಿಯನ್ನು ಮೊಯ್ದುವಿಗೆ ಕೊಟ್ಟೆ. ಸಂಜೆ ಕೆಲಸ ಮುಗಿದ ಮೇಲೆ ಅಂಗಡಿಯ ಹೊಸ್ತಿಲಲ್ಲಿ ಅವನ ಪಕ್ಕ ಕೂರುತ್ತೇನೆ. ನನ್ನನ್ನು ಲ್ಯಾಬಮ್ಮ ಎನ್ನುವುದು ಅವನಿಗೆ ಕೆಲವು ದಿನ ನೆನಪಾಗುತ್ತದೆ, ಕೆಲವು ದಿನ ಇಲ್ಲ. ಹಾಲು ಕೆನೆ ಕಟ್ಟುತ್ತಿರುತ್ತದೆ.

"ಜಮೀನ್ದಾರ ಬಂದ್ನಾ?" ಎಂದು ಕೇಳುತ್ತಾನೆ.

"ಮೇಲಿನ ಕೇರಿಗೆ ಹೋಗಿದಾನೆ ಅಣ್ಣಾಚಿ," ಎನ್ನುತ್ತೇನೆ. "ಬರ್ತಾನೆ, ಬಾಗ್ಲು ತೆಗೆದೇ ಇರ್ಲಿ."